ಕೊನೆಯ ನಾಲ್ಕು ಸುತ್ತು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಗೋಷ್ಠಿಗೆ ಕರೆಯುವಾಗ ನಮ್ಮ ವಿಜ್ಞಾನದ ಮೇಷ್ಟ್ರು ಫೋನಿನಲ್ಲಿ ಒಂದು ಮಾತು ಹೇಳಿದರು. "ನೀನು ಕಂಪ್ಯೂಟರ್ ವಿಷಯ ಮಾತಾಡಬೇಡಪ್ಪ, ಅರ್ಧ ಜನಕ್ಕೆ ನಿದ್ದೆ ಬರುತ್ತೆ. ಊರಿನವರು ಕಣ್ಣಾರೆ ಕಂಡ ವಿಷಯ ಹೇಳು" ಅಂದರು. ಹಾಗಾಗಿ ಇಲ್ಲಿರುವ ಎಲ್ಲರೂ ಕಂಡಿರುವ ಒಂದು ವಿಷಯವನ್ನೇ ಆರಿಸಿಕೊಂಡಿದ್ದೇನೆ. ಶಾಲೆಯ ಕಾಂಪೌಂಡಿನ ಪಕ್ಕದ ದಾರಿಯಲ್ಲಿ ಒಂದೇ ವರ್ಷದಲ್ಲಿ ಮೂರು ಸಲ ಕುಡಿಯುವ ನೀರಿನ ಪೈಪು ಒಡೆದದ್ದು ನಿಮಗೆಲ್ಲ ನೆನಪಿದೆ. ಒಂದು ಸಲವಂತೂ ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ದಿನ ಮಕ್ಕಳು ಕೆಸರಿನಲ್ಲೇ ಶಾಲೆಗೆ ಬಂದರು.

ಆಗ ಊರಿನಲ್ಲಿ ಎರಡು ಮಾತು ಓಡಾಡುತ್ತಿದ್ದವು. ಪೈಪೇ ಕಳಪೆ ಅನ್ನುವುದು ಒಂದು. ನಮ್ಮ ನೀರುಗಂಟಿ ಅಜಾಗರೂಕತೆಯಿಂದ ವಾಲ್ವ್ ತಿರುಗಿಸುತ್ತಾರೆ ಅನ್ನುವುದು ಇನ್ನೊಂದು. ಎರಡನೆಯ ಮಾತು ಅವರ ಕಿವಿಗೂ ಬಿದ್ದಿತ್ತು, ಅವರಿಗೆ ಬಹಳ ನೋವಾಗಿತ್ತು. ಹಬ್ಬಕ್ಕೆ ಊರಿಗೆ ಬಂದಿದ್ದಾಗ ನನ್ನ ಹತ್ತಿರ ಹೇಳಿಕೊಂಡರು: "ಹದಿನೈದು ವರ್ಷದಿಂದ ನೀರು ಬಿಡ್ತಾ ಇದ್ದೀನಿ. ಪ್ರತಿ ಸಲ ಇಪ್ಪತ್ತು ಸುತ್ತು ಎಣಿಸಿಯೇ ತಿರುಗಿಸ್ತೀನಿ. ಒಂದು ಸುತ್ತಿಗೆ ಒಂದು ಎಣಿಕೆ. ಅವಸರ ಎಲ್ಲಿ ಮಾಡಿದೆ ಹೇಳಪ್ಪ?"

ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಆದರೂ ಪೈಪು ಒಡೆಯುತ್ತಿದ್ದದ್ದು ಆ ವಾಲ್ವಿನಿಂದಲೇ. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತದೆ ಎಂಬುದೇ ಇವತ್ತಿನ ನನ್ನ ಮಾತು.

ಮೊದಲು ಒಡೆದ ಪೈಪು ಏನು ಹೇಳುತ್ತಿತ್ತು ನೋಡೋಣ. ಹಳೆಯ ತುಂಡುಗಳನ್ನು ನೀರುಗಂಟಿಯವರು ಪಂಪ್‌ಹೌಸ್ ಹಿಂದೆ ಹಾಕಿದ್ದರು. ಮೂರರಲ್ಲಿ ಎರಡು ತುಂಡು ಉದ್ದಕ್ಕೆ ಸೀಳಿದ್ದವು, ಮೂರನೆಯದು ತಿರುವಿನ ಹತ್ತಿರ ಜಾಯಿಂಟಿನಿಂದ ಕಳಚಿಕೊಂಡಿತ್ತು. ಪೈಪಿನ ಮೇಲೆ ಲಾರಿ ಹೋದರೆ ಅಥವಾ ಕೆಳಗಿನ ಮಣ್ಣು ಕುಸಿದರೆ ಪೈಪು ಬಾಗಿ, ಬಳೆ ಒಡೆದ ಹಾಗೆ ಸಾಮಾನ್ಯವಾಗಿ ಅಡ್ಡಕ್ಕೆ ಬಿರುಕು ಬಿಡುತ್ತದೆ. ಉದ್ದಕ್ಕೆ ಸೀಳಿದ್ದರೆ ಒಳಗಿನ ಒತ್ತಡದ ಮೇಲೆ ಅನುಮಾನ ಪಡಬೇಕು. ಇನ್ನೊಂದು ವಿಷಯ, ಮೂರೂ ಒಡೆದದ್ದು ವಾಲ್ವಿನಿಂದ ಗುಡ್ಡದ ಕಡೆಗೆ, ನೂರು ಮೀಟರಿನ ಒಳಗೆ. ಮೂರೂ ಸಲ ನೀರು ನಿಲ್ಲಿಸಿದ ಸ್ವಲ್ಪ ಹೊತ್ತಿನಲ್ಲೇ ಒಡೆದದ್ದು. ನಿಲ್ಲಿಸುವಾಗ ನೆಲದೊಳಗೆ 'ಡಬ್' ಎಂದು ಶಬ್ದ ಬರುತ್ತದೆ ಎಂದು ಪಕ್ಕದ ಮನೆಯ ಅಜ್ಜಿ ಮೊದಲಿನಿಂದಲೂ ಹೇಳುತ್ತಿದ್ದರು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಈ ಡಬ್ ಶಬ್ದಕ್ಕೆ ಎಂಜಿನಿಯರುಗಳು ಇಟ್ಟ ಹೆಸರು ವಾಟರ್ ಹ್ಯಾಮರ್, ಅಂದರೆ ನೀರಿನ ಸುತ್ತಿಗೆ. ನೀರು ಸುತ್ತಿಗೆಯ ಹಾಗೆ ಹೇಗೆ ಹೊಡೆಯುತ್ತದೆ?

ನಮ್ಮ ಗುಡ್ಡದ ಟ್ಯಾಂಕಿನಿಂದ ಶಾಲೆಯ ಪಕ್ಕದ ವಾಲ್ವಿಗೆ 800 ಮೀಟರ್ ಪಿವಿಸಿ ಪೈಪಿದೆ. ಹೊರಗಿನ ಅಳತೆ 110 ಮಿಲಿಮೀಟರ್. ಒಂದು ಮೀಟರ್ ಪೈಪಿನಲ್ಲಿ ಸುಮಾರು 8.3 ಲೀಟರ್ ನೀರು ಹಿಡಿಯುತ್ತದೆ. ಅಂದರೆ ಪೂರ್ತಿ ಪೈಪಿನಲ್ಲಿ ಆರೂವರೆ ಟನ್‌ಗೂ ಹೆಚ್ಚು ನೀರಿದೆ. ಅದು ಎಷ್ಟು ವೇಗವಾಗಿ ಓಡುತ್ತದೆ ಎಂದು ತಿಳಿಯಲು ನಾವು ಯಾವ ಮೀಟರನ್ನೂ ತರಲಿಲ್ಲ. ಗುಡ್ಡದ ಟ್ಯಾಂಕು ಐದು ಮೀಟರ್ ಉದ್ದ, ಐದು ಮೀಟರ್ ಅಗಲ. ನೀರು ಬಿಟ್ಟಾಗ ಹತ್ತು ನಿಮಿಷಕ್ಕೆ 30 ಸೆಂಟಿಮೀಟರ್ ಇಳಿಯುತ್ತಿತ್ತು. ಅಂದರೆ ಹತ್ತು ನಿಮಿಷಕ್ಕೆ 7,500 ಲೀಟರ್, ಸೆಕೆಂಡಿಗೆ 12.5 ಲೀಟರ್. ಅದನ್ನು 8.3ರಿಂದ ಭಾಗಿಸಿದರೆ ನೀರಿನ ವೇಗ ಸೆಕೆಂಡಿಗೆ ಒಂದೂವರೆ ಮೀಟರ್. ಇದು ಎಂಟನೇ ತರಗತಿಯ ಲೆಕ್ಕ.

ಒಂದೂವರೆ ಮೀಟರ್ ಅಂದರೆ ಮನುಷ್ಯ ಬಿರುಸಾಗಿ ನಡೆಯುವ ವೇಗ. ಜಾಸ್ತಿ ಅನ್ನಿಸುವುದಿಲ್ಲ. ಆದರೆ ಆರೂವರೆ ಟನ್ ತೂಕ ಆ ವೇಗದಲ್ಲಿ ಬರುತ್ತಿದೆ ಅಂದುಕೊಳ್ಳಿ. ತುಂಬಿದ ಲಾರಿಯೊಂದು ನಡೆಯುವ ವೇಗದಲ್ಲಿ ಬಂದು ಗೋಡೆಗೆ ತಾಗಿದರೆ ಗೋಡೆ ಉಳಿಯುವುದಿಲ್ಲ. ವಾಲ್ವ್ ಮುಚ್ಚುವುದು ಅಂದರೆ ಆ ಲಾರಿಯ ಮುಂದೆ ಗೋಡೆ ಎಬ್ಬಿಸಿದ ಹಾಗೆ.

ಆದರೆ ಲಾರಿಗೂ ನೀರಿಗೂ ಒಂದು ವ್ಯತ್ಯಾಸ ಇದೆ. ಲಾರಿ ಇಡಿಯಾಗಿ ಒಮ್ಮೆಲೇ ನಿಲ್ಲುತ್ತದೆ, ನೀರು ಹಾಗೆ ನಿಲ್ಲುವುದಿಲ್ಲ. ಬೆಳಗಿನ ಪ್ರಾರ್ಥನೆ ಮುಗಿಸಿ ನಾವು ಸಾಲಾಗಿ ತರಗತಿಗೆ ಹೋಗುತ್ತಿದ್ದದ್ದನ್ನು ನೆನಪು ಮಾಡಿಕೊಳ್ಳಿ. ಬಾಗಿಲ ಹತ್ತಿರ ಮೊದಲನೆಯವನು ಗಕ್ಕನೆ ನಿಂತರೆ ಎರಡನೆಯವನು ಅವನ ಬೆನ್ನಿಗೆ ಡಿಕ್ಕಿ ಹೊಡೆಯುತ್ತಾನೆ, ಮೂರನೆಯವನು ಎರಡನೆಯವನಿಗೆ, ಹೀಗೆ ಒತ್ತಡ ಹಿಂದಕ್ಕೆ ಹಿಂದಕ್ಕೆ ಹೋಗುತ್ತದೆ. ಸಾಲಿನ ಕೊನೆಯ ಹುಡುಗನಿಗೆ ಮುಂದೆ ಏನಾಗಿದೆ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕು. ಅಲ್ಲಿಯವರೆಗೂ ಅವನು ನಡೆಯುತ್ತಲೇ ಇರುತ್ತಾನೆ.

ಪೈಪಿನಲ್ಲೂ ಇದೇ ನಡೆಯುತ್ತದೆ. ವಾಲ್ವಿನ ಬಳಿಯ ನೀರು ನಿಂತು, ಸ್ವಲ್ಪ ಕುಗ್ಗಿ, ಪೈಪಿನ ಗೋಡೆಯನ್ನು ಸ್ವಲ್ಪ ಉಬ್ಬಿಸುತ್ತದೆ. ಆಮೇಲೆ ಅದರ ಹಿಂದಿನ ನೀರು ನಿಲ್ಲುತ್ತದೆ. "ಇಲ್ಲಿ ಬಾಗಿಲು ಮುಚ್ಚಿದೆ" ಎಂಬ ಸುದ್ದಿ ಒತ್ತಡದ ಅಲೆಯಾಗಿ ಗುಡ್ಡದ ಕಡೆಗೆ ಓಡುತ್ತದೆ. ಗಟ್ಟಿಯಾದ ಕಬ್ಬಿಣದ ಪೈಪಿನಲ್ಲಿ ಈ ಅಲೆಯ ವೇಗ ಸೆಕೆಂಡಿಗೆ ಸುಮಾರು 1,300 ಮೀಟರ್. ಪಿವಿಸಿ ಮೆತ್ತಗಿರುವುದರಿಂದ, ಗೋಡೆ ಹೆಚ್ಚು ಉಬ್ಬುವುದರಿಂದ, ನಮ್ಮ ಪೈಪಿನಲ್ಲಿ ಅದು ಸುಮಾರು 320 ಮೀಟರ್.

ಹಾಗಾದರೆ ಸುದ್ದಿ 800 ಮೀಟರ್ ಮೇಲಿನ ಟ್ಯಾಂಕಿಗೆ ಮುಟ್ಟಲು ಎರಡೂವರೆ ಸೆಕೆಂಡ್ ಬೇಕು. ಟ್ಯಾಂಕಿನಲ್ಲಿ ಜಾಗ ಇದೆ, ಅಲ್ಲಿ ಒತ್ತಡ ಬಿಡುಗಡೆಯಾಗುತ್ತದೆ. ಆ ಬಿಡುಗಡೆಯ ಸುದ್ದಿ ವಾಲ್ವಿಗೆ ವಾಪಸ್ಸು ಬರಲು ಇನ್ನೂ ಎರಡೂವರೆ ಸೆಕೆಂಡ್. ಒಟ್ಟು ಐದು ಸೆಕೆಂಡ್. ನಮ್ಮ ಪೈಪಿಗೆ ಈ ಐದು ಸೆಕೆಂಡೇ ಗಡುವು. ಐದು ಸೆಕೆಂಡಿನ ಒಳಗೆ ವಾಲ್ವ್ ಮುಚ್ಚಿದರೆ, ಅರ್ಧ ಸೆಕೆಂಡಿನಲ್ಲಿ ಮುಚ್ಚಿದರೂ ನಾಲ್ಕು ಸೆಕೆಂಡಿನಲ್ಲಿ ಮುಚ್ಚಿದರೂ ವಾಲ್ವಿನ ಬಳಿ ಬೀಳುವ ಏಟು ಒಂದೇ, ಪೂರ್ತಿ ಏಟು. ಯಾಕೆಂದರೆ ಸಹಾಯ ಬರುವ ಮೊದಲೇ ಬಾಗಿಲು ಹಾಕಿ ಆಗಿದೆ. ಐದು ಸೆಕೆಂಡಿಗಿಂತ ಎಷ್ಟು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇವೋ ಏಟು ಅಷ್ಟು ಕಡಿಮೆಯಾಗುತ್ತದೆ.

ಪೂರ್ತಿ ಏಟು ಎಷ್ಟು ಎಂದು ಲೆಕ್ಕ ಹಾಕುವ ಸೂತ್ರವನ್ನು ರಷ್ಯಾದ ವಿಜ್ಞಾನಿ ನಿಕೊಲಾಯ್ ಝುಕೋವ್‌ಸ್ಕಿ ಅವರ ಹೆಸರಿನಿಂದ ಕರೆಯುತ್ತಾರೆ. ಅವರು 1897ರಲ್ಲಿ ಮಾಸ್ಕೋ ನಗರದ ನೀರು ಸರಬರಾಜು ಕೇಂದ್ರದಲ್ಲಿ ಉದ್ದುದ್ದ ಪೈಪುಗಳನ್ನು ಹಾಕಿ ಪ್ರಯೋಗ ಮಾಡಿ, ಮರುವರ್ಷ ಫಲಿತಾಂಶ ಪ್ರಕಟಿಸಿದರು. ಸೂತ್ರ ಸರಳವಾಗಿದೆ. ನೀರಿನ ಸಾಂದ್ರತೆ, ಅಲೆಯ ವೇಗ, ನೀರು ಕಳೆದುಕೊಂಡ ವೇಗ, ಈ ಮೂರನ್ನು ಗುಣಿಸಬೇಕು. ನಮ್ಮ ಪೈಪಿನಲ್ಲಿ ನೀರು ಸೆಕೆಂಡಿಗೆ ಒಂದು ಮೀಟರ್ ವೇಗ ಕಳೆದುಕೊಂಡರೆ ಒತ್ತಡ ಸುಮಾರು ಮೂರೂಕಾಲು ಕೆಜಿ ಏರುತ್ತದೆ. ಒಂದೂವರೆ ಮೀಟರ್ ಕಳೆದುಕೊಂಡರೆ 4.9 ಕೆಜಿ. ಕೆಜಿ ಅಂದರೆ ರೈತರಿಗೆಲ್ಲ ಗೊತ್ತಿರುವ ಹಾಗೆ ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ. ಹತ್ತು ಮೀಟರ್ ಎತ್ತರದ ನೀರಿಗೆ ಒಂದು ಕೆಜಿ.

ಟ್ಯಾಂಕು ವಾಲ್ವಿಗಿಂತ 40 ಮೀಟರ್ ಎತ್ತರದಲ್ಲಿದೆ. ನೀರು ನಿಂತಿರುವಾಗ ವಾಲ್ವಿನ ಮೇಲೆ 4 ಕೆಜಿ. ಓಡುವಾಗ ಪೈಪಿನ ಘರ್ಷಣೆಯಲ್ಲಿ ಸ್ವಲ್ಪ ಕಳೆದು 2.3 ಕೆಜಿ ಉಳಿಯುತ್ತದೆ. ಅದಕ್ಕೆ 4.9 ಸೇರಿಸಿದರೆ 7.2 ಕೆಜಿ. ಹಾಕಿರುವುದು 6 ಕೆಜಿ ಪೈಪು. ಹೊಸ ಪೈಪು 7.2 ಕೆಜಿಗೆ ಒಂದೇ ಸಲಕ್ಕೆ ಒಡೆಯುವುದಿಲ್ಲ, ಕ್ಷಣಕಾಲ ಅದಕ್ಕಿಂತ ಹೆಚ್ಚು ತಡೆಯುತ್ತದೆ. ಆದರೆ ದಿನಕ್ಕೆ ಎರಡು ಸಲ ನೀರು ನಿಲ್ಲಿಸಿದರೆ ವರ್ಷಕ್ಕೆ 730 ಏಟು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿಯುವ ಹಾಗೆ ಪಿವಿಸಿಯೂ ದಣಿಯುತ್ತದೆ. ಗೀರು ಬಿದ್ದ ಕಡೆ, ಕಲ್ಲು ಒತ್ತಿದ ಕಡೆ, ಗಮ್ ಸರಿಯಾಗಿ ಹಿಡಿಯದ ಜಾಯಿಂಟಿನಲ್ಲಿ ಮೊದಲು ಸೋಲುತ್ತದೆ.

ಈಗ ನೀವು ಕೇಳಬಹುದು. ನೀರುಗಂಟಿಯವರು ಇಪ್ಪತ್ತು ಸುತ್ತು ತಿರುಗಿಸಲು ಇಪ್ಪತ್ತು ಸೆಕೆಂಡ್ ತೆಗೆದುಕೊಳ್ಳುತ್ತಿದ್ದರಲ್ಲ, ಗಡುವು ಐದೇ ಸೆಕೆಂಡ್ ಅಲ್ಲವೇ? ಅವರು ಅದರ ನಾಲ್ಕು ಪಟ್ಟು ಹೊತ್ತು ತೆಗೆದುಕೊಂಡಿದ್ದಾರೆ, ಮತ್ತೆ ಪೂರ್ತಿ ಏಟು ಯಾಕೆ ಬಿತ್ತು?

ಇದಕ್ಕೆ ಉತ್ತರ ನನಗೆ ಗೊತ್ತಿದ್ದದ್ದು ನಾನೇ ಆ ತಪ್ಪು ಮಾಡಿದ್ದರಿಂದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೋಟಾರಿನಿಂದ ತಿರುಗುವ ವಾಲ್ವಿಗೆ ಪ್ರೋಗ್ರಾಂ ಬರೆಯುವ ಕೆಲಸ ಸಿಕ್ಕಿತ್ತು. ಮೊದಲಿನಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ಮುಚ್ಚುವ ಹಾಗೆ ಬರೆದೆ. ಪರೀಕ್ಷೆ ಮಾಡುವಾಗ ಪೈಪು ಸ್ಟ್ಯಾಂಡಿನ ಮೇಲೆ ಎಗರಿತು. ಅಲ್ಲಿದ್ದ ಹಿರಿಯ ಮೆಕ್ಯಾನಿಕಲ್ ಎಂಜಿನಿಯರ್ ಒಬ್ಬರು ನನ್ನ ಪ್ರೋಗ್ರಾಂ ನೋಡಲೇ ಇಲ್ಲ. "ಅರ್ಧ ಮುಚ್ಚಿ ನಿಲ್ಲಿಸು, ಎಷ್ಟು ನೀರು ಬರುತ್ತೆ ನೋಡು" ಅಂದರು. ನೋಡಿದರೆ ಹೆಚ್ಚುಕಡಿಮೆ ಮೊದಲಿನಷ್ಟೇ ನೀರು ಬರುತ್ತಿತ್ತು.

ಅಲ್ಲಿದೆ ಗುಟ್ಟು. ಉದ್ದದ ಪೈಪಿನಲ್ಲಿ ನೀರನ್ನು ತಡೆಯುತ್ತಿರುವುದು ಮುಖ್ಯವಾಗಿ ಪೈಪಿನ ಘರ್ಷಣೆ, ವಾಲ್ವಲ್ಲ. ಗೇಟ್ ವಾಲ್ವಿನ ಗೇಟು ಅರ್ಧ ಇಳಿದರೂ ನೀರಿಗೆ ಅದು ಲೆಕ್ಕಕ್ಕಿಲ್ಲ. ಮುಕ್ಕಾಲು ಇಳಿದಾಗ ಸ್ವಲ್ಪ ತಿಳಿಯುತ್ತದೆ. ನೀರು ನಿಜವಾಗಿ ಕಡಿಮೆಯಾಗಿ ನಿಲ್ಲುವುದು ಕೊನೆಯ ಐದನೇ ಒಂದು ಭಾಗದಲ್ಲಿ. ಇಪ್ಪತ್ತು ಸುತ್ತಿನ ವಾಲ್ವಿನಲ್ಲಿ ಕೊನೆಯ ನಾಲ್ಕು ಸುತ್ತು. ನೀರುಗಂಟಿಯವರ ಕೈ ಇಪ್ಪತ್ತು ಸೆಕೆಂಡ್ ಕೆಲಸ ಮಾಡಿತ್ತು. ನೀರಿಗೆ ಮಾತ್ರ ಅದು ನಾಲ್ಕು ಸೆಕೆಂಡಿನಲ್ಲಿ ಮುಚ್ಚಿದ ಬಾಗಿಲು. ನಾಲ್ಕು ಸೆಕೆಂಡ್ ಐದಕ್ಕಿಂತ ಕಡಿಮೆ. ಆದ್ದರಿಂದ ಪೂರ್ತಿ ಏಟು.

ಲೆಕ್ಕ ಮಾತ್ರ ನಂಬಬಾರದು ಎಂದು ನಾವು ಪರೀಕ್ಷೆ ಮಾಡಿದೆವು. ವಾಲ್ವಿನಿಂದ ಟ್ಯಾಂಕಿನ ಕಡೆಗೆ ಒಂದು ಪ್ರೆಶರ್ ಗೇಜ್ ಕೂರಿಸಿ, ಅದರ ಮುಖಕ್ಕೆ ಮೊಬೈಲ್ ಹಿಡಿದು ವಿಡಿಯೊ ಮಾಡಿದೆವು. ಯಾವಾಗಿನ ಹಾಗೆ ಮುಚ್ಚಿ ಎಂದು ನೀರುಗಂಟಿಯವರಿಗೆ ಹೇಳಿದೆ. ಮೊದಲ ಹದಿನಾರು ಸುತ್ತಿಗೆ ಮುಳ್ಳು 2.3ರ ಹತ್ತಿರವೇ ಇತ್ತು, ಸ್ವಲ್ಪ ಮೇಲೆ ಸರಿಯಿತು ಅಷ್ಟೆ. ಕೊನೆಯ ನಾಲ್ಕಕ್ಕೆ ಒಮ್ಮೆಲೇ ಎದ್ದು 7 ದಾಟಿತು, ಕೂಡಲೇ ಸೊನ್ನೆಗೆ ಬಿದ್ದಿತು, ಮತ್ತೆ ಎದ್ದಿತು. ಹೀಗೆ ಉಯ್ಯಾಲೆಯಾಡಿ ಕೊನೆಗೆ 4ಕ್ಕೆ ಬಂದು ನಿಂತಿತು. ಮುಳ್ಳಿನ ಗೇಜು ಸ್ವಲ್ಪ ನಿಧಾನ, ನಿಜವಾದ ಶಿಖರ ಅದು ತೋರಿಸಿದ್ದಕ್ಕಿಂತ ಹೆಚ್ಚೇ ಇರಬಹುದು.

ಮುಳ್ಳು ಸೊನ್ನೆಗೆ ಬಿದ್ದದ್ದನ್ನು ಮರೆಯಬೇಡಿ. ಏಟಿಗೆ ಎರಡು ಮುಖ ಇದೆ. ಒತ್ತಡ ಎಷ್ಟು ಮೇಲೆ ಹೋಗುತ್ತದೋ ಮರುಗಳಿಗೆ ಅಷ್ಟೇ ಕೆಳಗೆ ಬೀಳುತ್ತದೆ. ಆಗ ಪೈಪಿನ ಒಳಗೆ ಹೊರಗಿನ ಗಾಳಿಗಿಂತಲೂ ಕಡಿಮೆ ಒತ್ತಡ ಉಂಟಾಗಬಹುದು. ಸೋರುವ ಜಾಯಿಂಟಿನ ಸುತ್ತ ಕೊಳೆ ನೀರು ನಿಂತಿದ್ದರೆ ಪೈಪು ಅದನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಚರಂಡಿಯ ಪಕ್ಕ ಪೈಪು ಹೋಗಿರುವ ಊರುಗಳಲ್ಲಿ ಇದು ಒಡೆದ ಪೈಪಿಗಿಂತ ದೊಡ್ಡ ಅಪಾಯ. ದೊಡ್ಡ ಪೈಪುಗಳಲ್ಲಿ ಈ ಎರಡೂ ಮುಖ ಒಟ್ಟಿಗೆ ಕಂಡದ್ದಿದೆ. 1950ರಲ್ಲಿ ಜಪಾನಿನ ಓಯಿಗಾವಾ ಜಲವಿದ್ಯುತ್ ಕೇಂದ್ರದಲ್ಲಿ ವಾಲ್ವ್ ಬಹಳ ಬೇಗ ಮುಚ್ಚಿಕೊಂಡು ಉಕ್ಕಿನ ದೊಡ್ಡ ಪೈಪು ಸೀಳಿತು. ನೀರು ಹೊರಗೆ ನುಗ್ಗಿದಾಗ ಮೇಲ್ಭಾಗದ ಪೈಪಿನಲ್ಲಿ ಒತ್ತಡ ಕುಸಿದು ಅದು ಚಪ್ಪಟೆಯಾಯಿತು. ಮೂವರು ಕೆಲಸಗಾರರು ಪ್ರಾಣ ಕಳೆದುಕೊಂಡರು.

ಇನ್ನು ಪರಿಹಾರಕ್ಕೆ ಬರುತ್ತೇನೆ. ಎರಡನೇ ಪರೀಕ್ಷೆಯಲ್ಲಿ ಮೊದಲ ಹದಿನಾರು ಸುತ್ತನ್ನು ಮೊದಲಿನ ಹಾಗೇ ತಿರುಗಿಸಿದೆವು. ಕೊನೆಯ ನಾಲ್ಕಕ್ಕೆ ಒಂದು ಕ್ರಮ ಮಾಡಿಕೊಂಡೆವು: ಕಾಲು ಸುತ್ತು ತಿರುಗಿಸುವುದು, ನಿಲ್ಲುವುದು, ಮೂರು ಎಣಿಸುವುದು, ಮತ್ತೆ ಕಾಲು ಸುತ್ತು. ನಾಲ್ಕು ಸುತ್ತಿಗೆ ನಲವತ್ತೈದು ಸೆಕೆಂಡಿನಷ್ಟು ಹಿಡಿಯಿತು. ನಿಧಾನವಾಗಿ ಮುಚ್ಚುವಾಗ ಬಳಸುವ ಅಂದಾಜು ಲೆಕ್ಕ ಹೀಗಿದೆ: ಸಾಂದ್ರತೆ, ಪೈಪಿನ ಉದ್ದ, ನೀರಿನ ವೇಗ ಮೂರನ್ನೂ ಗುಣಿಸಿ, ಎರಡು ಪಟ್ಟು ಮಾಡಿ, ಮುಚ್ಚುವ ಸಮಯದಿಂದ ಭಾಗಿಸಬೇಕು. ನಲವತ್ತು ಸೆಕೆಂಡ್ ಎಂದು ಹಿಡಿದರೂ ಏರಿಕೆ 0.6 ಕೆಜಿ ಮಾತ್ರ. ನಿಂತ ನೀರಿನ 4 ಕೆಜಿಗೆ ಸೇರಿಸಿದರೆ 4.6. ಗೇಜಿನ ಮುಳ್ಳು ನಾಲ್ಕೂವರೆ ಮುಟ್ಟಿ ವಾಪಸ್ಸು ಬಂತು. ಡಬ್ ಶಬ್ದ ಬರಲಿಲ್ಲ. ಅಜ್ಜಿ ಹೊರಗೆ ಬಂದು "ಇವತ್ತು ನೀರು ನಿಲ್ಲಿಸಲ್ವಾ?" ಎಂದು ಕೇಳಿದರು.

ಒಂದು ರೂಪಾಯಿ ಖರ್ಚಾಗಲಿಲ್ಲ. ವಾಲ್ವಿನ ಗುಂಡಿಯ ಮುಚ್ಚಳದ ಒಳಗಡೆ "16 ಆದ ಮೇಲೆ ಕಾಲು ಕಾಲು" ಎಂದು ಪೇಂಟಿನಲ್ಲಿ ಬರೆದಿದ್ದೇವೆ. ನೀರುಗಂಟಿಯವರು ರಜೆಯಲ್ಲಿದ್ದಾಗ ಬೇರೆಯವರು ಬಂದರೂ ತಿಳಿಯಲಿ ಎಂದು. ನನ್ನ ಪ್ರೋಗ್ರಾಮಿನಲ್ಲಿ ಮಾಡಿದ ತಿದ್ದುಪಡಿಯೂ ಇದೇ, ನೂರರಲ್ಲಿ ಎಂಬತ್ತು ಭಾಗ ಬೇಗ, ಉಳಿದ ಇಪ್ಪತ್ತು ನಿಧಾನ.

ಆದರೆ ಕೈ ನಿಧಾನ ಮಾಡಿದರೆ ಎಲ್ಲ ಕಡೆಯೂ ಸರಿಹೋಗುತ್ತದೆ ಎಂದು ತಿಳಿಯಬೇಡಿ. ಪೈಪು ಎರಡು ಪಟ್ಟು ಉದ್ದವಿದ್ದರೆ ಗಡುವೂ ಎರಡು ಪಟ್ಟು. ಇಲ್ಲಿಯ ನಲವತ್ತೈದು ಸೆಕೆಂಡ್ ಅಲ್ಲಿ ಸಾಲದು. ಹಿಡಿಕೆ ಕಾಲು ಸುತ್ತು ತಿರುಗಿಸಿದರೆ ಮುಚ್ಚಿಕೊಳ್ಳುವ ಬಾಲ್ ವಾಲ್ವನ್ನು ಇಂಥ ಉದ್ದದ ದೊಡ್ಡ ಲೈನಿನ ಕೊನೆಗೆ ಹಾಕಲೇಬಾರದು, ಅದನ್ನು ಎಷ್ಟು ಜೋಪಾನವಾಗಿ ತಿರುಗಿಸಿದರೂ ಒಂದು ಗಳಿಗೆಯಲ್ಲಿ ಜಾರಿಬಿಡುತ್ತದೆ. ಹೊಸ ಲೈನು ಹಾಕುವಾಗ ಒಂದು ಅಳತೆ ದೊಡ್ಡ ಪೈಪು ಹಾಕಿದರೆ ಅಷ್ಟೇ ನೀರಿಗೆ ವೇಗ ಕಡಿಮೆಯಾಗುತ್ತದೆ. ವೇಗ ಅರ್ಧವಾದರೆ ಏಟೂ ಅರ್ಧ. ದೊಡ್ಡ ವಾಲ್ವಿನ ಪಕ್ಕದಲ್ಲಿ ಸಣ್ಣ ಬೈಪಾಸ್ ವಾಲ್ವ್ ಇಟ್ಟರೆ ದೊಡ್ಡದನ್ನು ಮೊದಲು ಮುಚ್ಚಿ, ಸಣ್ಣದನ್ನು ಆಮೇಲೆ ಮುಚ್ಚಬಹುದು. ತಿರುವುಗಳಲ್ಲಿ ಕಾಂಕ್ರೀಟ್ ದಿಮ್ಮಿ ಕಟ್ಟಿದರೆ ಏಟು ಕಡಿಮೆಯಾಗುವುದಿಲ್ಲ, ಆದರೆ ಜಾಯಿಂಟು ಕಳಚುವುದಿಲ್ಲ. ನಮ್ಮ ತಿರುವಿನಲ್ಲಿ ಅದನ್ನೂ ಕಟ್ಟಿಸಿದ್ದೇವೆ.

ಕೆಲವರು ಪೈಪಿಗೆ ಮೇಲ್ಮುಖವಾಗಿ ಒಂದು ತುಂಡು ಪೈಪು ಕೂರಿಸಿ, ತುದಿಗೆ ಮುಚ್ಚಳ ಹಾಕಿ ಗಾಳಿ ತುಂಬಿದ ಜಾಗ ಬಿಡುತ್ತಾರೆ. ಗಾಳಿ ಸ್ಪ್ರಿಂಗಿನ ಹಾಗೆ ಏಟು ಹೀರಿಕೊಳ್ಳುತ್ತದೆ, ನಿಜ. ಆದರೆ ಆ ಗಾಳಿ ನೀರಿನಲ್ಲಿ ಕರಗುತ್ತಾ ಹೋಗಿ ಕೊನೆಗೆ ಅಲ್ಲೂ ನೀರೇ ತುಂಬಿಕೊಳ್ಳುತ್ತದೆ. ಆಗಾಗ ಖಾಲಿ ಮಾಡಿ ಗಾಳಿ ತುಂಬಿಸದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ದೊಡ್ಡ ಯೋಜನೆಗಳಲ್ಲಿ ಗಾಳಿ ಮತ್ತು ನೀರಿನ ನಡುವೆ ರಬ್ಬರಿನ ಚೀಲ ಇರುವ ಟ್ಯಾಂಕು ಇಡುವುದು ಈ ಕಾರಣಕ್ಕೆ.

ಕೊನೆಯದಾಗಿ ಒಂದು ಮಿತಿ ಹೇಳಲೇಬೇಕು. ಬೋರ್‌ವೆಲ್ಲಿನಿಂದ ಗುಡ್ಡದ ಟ್ಯಾಂಕಿಗೆ ನೀರು ಏರಿಸುವ ಲೈನಿನಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಕರೆಂಟು ಹೋದಾಗ ಪಂಪು ನಿಲ್ಲುತ್ತದೆ. ಮೇಲಕ್ಕೆ ಹೋಗುತ್ತಿದ್ದ ನೀರು ನಿಂತು, ಹಿಂದಕ್ಕೆ ತಿರುಗಿ, ನಾನ್ ರಿಟರ್ನ್ ವಾಲ್ವನ್ನು ಧಡ್ ಎಂದು ಮುಚ್ಚುತ್ತದೆ. ಕರೆಂಟು ಯಾರನ್ನೂ ಕೇಳಿ ಹೋಗುವುದಿಲ್ಲ, ಆಗ ವಾಲ್ವಿನ ಮೇಲೆ ಯಾರ ಕೈಯೂ ಇರುವುದಿಲ್ಲ. ಅಲ್ಲಿ ನೀರು ಹಿಂದಕ್ಕೆ ತಿರುಗುವ ಮೊದಲೇ ಸ್ಪ್ರಿಂಗಿನಿಂದ ಮುಚ್ಚಿಕೊಳ್ಳುವ ನಾನ್ ರಿಟರ್ನ್ ವಾಲ್ವ್ ಬೇಕು, ಉದ್ದದ ಲೈನಾದರೆ ಏಟು ಹೀರುವ ಟ್ಯಾಂಕೂ ಬೇಕಾಗಬಹುದು. ನಮ್ಮ ಪಂಪ್‌ಹೌಸಿನ ವಾಲ್ವ್ ಹಳೆಯದು. ಕರೆಂಟು ಹೋದಾಗ ಅಲ್ಲಿಂದ ಬರುವ ಶಬ್ದವನ್ನು ನೀವು ಕೇಳಿದ್ದೀರಿ. ಆ ಲೈನಿಗೂ ಗೇಜು ಕಟ್ಟಿ ನೋಡುವ ಕೆಲಸ ಬಾಕಿ ಇದೆ, ಮುಂದಿನ ಸಲ ಬಂದಾಗ ಮಾಡೋಣ ಎಂದು ನೀರುಗಂಟಿಯವರೂ ನಾನೂ ಮಾತಾಡಿಕೊಂಡಿದ್ದೇವೆ.

ಶಾಲೆಯ ಪಕ್ಕದ ಲೈನು ಆ ದಿನದಿಂದ ಇವತ್ತಿನವರೆಗೆ ಒಡೆದಿಲ್ಲ. ಆದರೆ ಈಗಾಗಲೇ ದಣಿದಿರುವ ಹಳೆಯ ಪೈಪು ಮತ್ತೆ ಒಡೆಯುವುದೇ ಇಲ್ಲ ಎಂದು ನಾನು ಮಾತು ಕೊಡಲಾರೆ. ಒಡೆದರೆ ಮೊದಲು ಯಾರನ್ನೂ ಬೈಯಬೇಡಿ. ತುಂಡನ್ನು ಎಸೆಯದೆ ಇಟ್ಟುಕೊಂಡು, ಉದ್ದಕ್ಕೆ ಸೀಳಿದೆಯೋ ಅಡ್ಡಕ್ಕೆ ಒಡೆದಿದೆಯೋ ನೋಡಿ. ನಮ್ಮ ನೀರುಗಂಟಿಯವರು ಅಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರ ಎಣಿಕೆಯಲ್ಲಿ ತಪ್ಪಿರಲಿಲ್ಲ. ಇಪ್ಪತ್ತರಲ್ಲಿ ಯಾವ ನಾಲ್ಕು ಸುತ್ತು ನೀರನ್ನು ನಿಲ್ಲಿಸುತ್ತವೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ಬಿಇ ಓದಿ ಬಂದ ನನಗೂ ಪೈಪು ಎಗರುವವರೆಗೆ ಗೊತ್ತಿರಲಿಲ್ಲ.